ಪರಿಧಿಯ ಶೇಷ: ಮಾಧವನ ಅನಂತ ಶ್ರೇಣಿ ಹುಟ್ಟಿದ ಬಗೆ

ವ್ಯಾಸ 20,000 ಇರುವ ವೃತ್ತದ ಪರಿಧಿ 62,832 ಎಂದು ಆರ್ಯಭಟ 499ರ ಸುಮಾರಿಗೆ ಬರೆದಾಗ ಅದರ ಜೊತೆಗೆ ‘ಆಸನ್ನ’ ಎಂಬ ಪದವನ್ನೂ ಇಟ್ಟಿದ್ದ. ಇದು ಹತ್ತಿರದ ಬೆಲೆ, ನಿಖರವಾದುದಲ್ಲ ಎಂದು ಅದರ ಅರ್ಥ. ಸುಮಾರು ಸಾವಿರ ವರ್ಷಗಳ ನಂತರ ಆರ್ಯಭಟೀಯಕ್ಕೆ ಭಾಷ್ಯ ಬರೆದ ಕೇರಳದ ನೀಲಕಂಠ ಸೋಮಯಾಜಿ ಆ ಪದಕ್ಕೆ ಕಾರಣ ಕೊಟ್ಟ. ಯಾವ ಅಳತೆಯಿಂದ ಅಳೆದರೆ ವ್ಯಾಸ ಶೇಷವಿಲ್ಲದೆ ಸರಿಹೋಗುತ್ತದೆಯೋ ಅದೇ ಅಳತೆಯಲ್ಲಿ ಪರಿಧಿ ಶೇಷ ಉಳಿಸುತ್ತದೆ. ಅಳತೆಯನ್ನು ಕಿರಿದು ಮಾಡುತ್ತ ಹೋದರೆ ಶೇಷ ಕಿರಿದಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಇಷ್ಟು ಖಚಿತವಾಗಿ ಹೇಳಿದ ನೀಲಕಂಠನ ಬೆನ್ನಿಗೆ, ಆ ಶೇಷವನ್ನು ಬೇಕಾದಷ್ಟು ಕಿರಿದು ಮಾಡುವ ಮಾರ್ಗವೊಂದು ಆಗಲೇ ಇತ್ತು.

ಆ ಮಾರ್ಗ ಸಂಗಮಗ್ರಾಮದ ಮಾಧವನದು. ಸುಮಾರು 1340ರಿಂದ 1425ರವರೆಗೆ ಬಾಳಿದ ಅವನ ಊರನ್ನು ಇಂದಿನ ಇರಿಂಜಾಲಕುಡದ ಆಸುಪಾಸಿನಲ್ಲಿ ಗುರುತಿಸುತ್ತಾರೆ. ಶ್ರೇಣಿಗಳ ಬಗ್ಗೆ ಅವನೇ ಬರೆದ ಗ್ರಂಥ ನಮ್ಮ ಕೈಗೆ ಬಂದಿಲ್ಲ. ಶಂಕರ ವಾರಿಯರ್ ಲೀಲಾವತಿಗೆ ಬರೆದ ವ್ಯಾಖ್ಯಾನದಂಥ ಕೃತಿಗಳು ಅವನ ಶ್ಲೋಕಗಳನ್ನು ಹೆಸರಿಟ್ಟು ಉಳಿಸಿಕೊಂಡಿವೆ. ಅವುಗಳ ಸಾಧನೆಯನ್ನು ಹಂತಹಂತವಾಗಿ ಬಿಡಿಸಿಟ್ಟದ್ದು ಜ್ಯೇಷ್ಠದೇವ 1530ರ ಸುಮಾರಿಗೆ ಮಲಯಾಳಂ ಗದ್ಯದಲ್ಲಿ ಬರೆದ ಯುಕ್ತಿಭಾಷಾ.

ಯುಕ್ತಿಭಾಷಾದ ಚಿತ್ರ ಸರಳವಾದುದು. ವೃತ್ತದ ಸುತ್ತ ಅದನ್ನು ಮುಟ್ಟುವಂತೆ ಒಂದು ಚೌಕವನ್ನು ಎಳೆದು, ಅದರ ಒಂದು ಬದಿಯ ಅರ್ಧವನ್ನು ಅತಿ ಸಣ್ಣ ಸಮಭಾಗಗಳಾಗಿ ಮಾಡಿ, ಪ್ರತಿ ಭಾಗದ ತುದಿಗೂ ಕೇಂದ್ರದಿಂದ ಕರ್ಣವನ್ನು ಎಳೆಯಬೇಕು. ಎರಡು ಕರ್ಣಗಳ ನಡುವೆ ಸಿಕ್ಕುವ ಚಾಪದ ತುಣುಕು, ಬದಿಯ ತುಣುಕನ್ನು ತ್ರಿಜ್ಯದ ವರ್ಗದಿಂದ ಗುಣಿಸಿ ಕರ್ಣದ ವರ್ಗದಿಂದ ಭಾಗಿಸಿದಷ್ಟು ಎಂದು ಸಮರೂಪ ತ್ರಿಭುಜಗಳಿಂದ ಸಿಗುತ್ತದೆ. ಆ ಭಾಗಾಕಾರವನ್ನು ಜ್ಯೇಷ್ಠದೇವ ಒಂದೇ ಸಲ ಮುಗಿಸದೆ, ಒಂದು ತಿದ್ದುಪಡಿಯ ಮೇಲೆ ಇನ್ನೊಂದು ತಿದ್ದುಪಡಿಯಾಗಿ ಬಿಡಿಸುತ್ತ ಹೋಗುತ್ತಾನೆ. ಆಗ ಉಳಿಯುವ ಕೆಲಸ, 1, 2, 3 ಎಂದು ಸಾಗುವ ಸಂಖ್ಯೆಗಳ ವರ್ಗಗಳನ್ನು, ನಾಲ್ಕನೆಯ ಘಾತಗಳನ್ನು, ಆರನೆಯ ಘಾತಗಳನ್ನು ಕೂಡುವುದು. ತುಣುಕುಗಳು ಅತ್ಯಂತ ಸಣ್ಣವಾದಾಗ ವರ್ಗಗಳ ಮೊತ್ತ ತುಣುಕುಗಳ ಎಣಿಕೆಯ ಘನದ ಮೂರನೇ ಒಂದು ಭಾಗಕ್ಕೆ, ನಾಲ್ಕನೆಯ ಘಾತಗಳ ಮೊತ್ತ ಐದನೆಯ ಘಾತದ ಐದನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಶ್ರೇಣಿಯಲ್ಲಿ ಬೆಸಸಂಖ್ಯೆಗಳು ಕಾಣಿಸಿಕೊಳ್ಳುವುದು ಇಲ್ಲಿಂದಲೇ. ಈ ಲೆಕ್ಕದಿಂದ ಪರಿಧಿಯ ಎಂಟನೇ ಒಂದು ಭಾಗ ಸಿಗುವುದರಿಂದ, ವ್ಯಾಸ 1 ಆದಾಗ ಇಡೀ ಪರಿಧಿ ಹೀಗಾಗುತ್ತದೆ:

π = 4 (1 − 1/3 + 1/5 − 1/7 + 1/9 − …)

ಶ್ರೇಣಿ ಸುಂದರವಾಗಿದೆ, ಆದರೆ ಲೆಕ್ಕಕ್ಕೆ ಬಲು ನಿಧಾನ. ಮೊದಲ ಐದು ಪದಗಳನ್ನು ಕೂಡಿದರೆ 3.33968 ಬರುತ್ತದೆ, ಇದಕ್ಕಿಂತ ಆರ್ಯಭಟನ 3.1416 ಎಷ್ಟೋ ಮೇಲು. ಮಾಧವನ ಪರಂಪರೆಯ ನಿಜವಾದ ಸೂಕ್ಷ್ಮತೆ ಇದರ ಮುಂದಿನ ಹೆಜ್ಜೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ನಿಲ್ಲಿಸಿದೆವೋ ಅಲ್ಲಿಂದ ಮುಂದಿನ, ಕೂಡದೆ ಬಿಟ್ಟ ಪದಗಳೆಲ್ಲದರ ಬದಲಿಗೆ ಒಂದೇ ತಿದ್ದುಪಡಿಯನ್ನು ಸೇರಿಸಬೇಕು. ಇದಕ್ಕೆ ಅಂತ್ಯಸಂಸ್ಕಾರ ಎಂದು ಹೆಸರು. ಕೊನೆಯ ಬೆಸಸಂಖ್ಯೆ 9 ಆಗಿದ್ದರೆ ಅದರ ಮುಂದಿನ ಸಮಸಂಖ್ಯೆ 10. ಅದರ ಅರ್ಧ 5ನ್ನು, 10ರ ವರ್ಗಕ್ಕೆ 1 ಸೇರಿಸಿದ 101ರಿಂದ ಭಾಗಿಸಿ, 4ರಿಂದ ಗುಣಿಸಿದರೆ 0.19802. ಕೊನೆಯ ಪದವನ್ನು ಕೂಡಿದ್ದರಿಂದ ಇದನ್ನು ಕಳೆಯಬೇಕು. ಸಿಗುವುದು 3.14166. ನಿಜವಾದ ಬೆಲೆ 3.14159. ಬರೀ ಶ್ರೇಣಿಯಿಂದಲೇ ಇಷ್ಟು ಹತ್ತಿರ ಬರಬೇಕಾದರೆ ಸುಮಾರು ಹದಿನಾಲ್ಕು ಸಾವಿರ ಪದಗಳನ್ನು ಕೂಡಬೇಕಾಗುತ್ತಿತ್ತು. ಇದಕ್ಕಿಂತಲೂ ಸೂಕ್ಷ್ಮವಾದ ಸಂಸ್ಕಾರವನ್ನೂ, ಬೇಗ ಗುರಿ ಮುಟ್ಟುವ ಬೇರೆ ಶ್ರೇಣಿಯನ್ನೂ ಅವರು ಕೊಟ್ಟಿದ್ದಾರೆ. ಮಾಧವನ ಹೆಸರಿನ ಒಂದು ಶ್ಲೋಕ ವ್ಯಾಸ 900,000,000,000 ಆದಾಗ ಪರಿಧಿ 2,827,433,388,233 ಎನ್ನುತ್ತದೆ. ಭಾಗಿಸಿ ನೋಡಿದರೆ ದಶಮಾಂಶದ ನಂತರ ಹತ್ತು ಅಂಕಿಗಳು ಸರಿ.

ಇವರೆಲ್ಲ ಜ್ಯೋತಿಷಿಗಳಾಗಿದ್ದರು, ಗ್ರಹಗಳ ಸ್ಥಾನ ಮತ್ತು ಗ್ರಹಣದ ಹೊತ್ತನ್ನು ಹೇಳಲು ಅವರಿಗೆ ಜ್ಯಾ, ಅಂದರೆ ಇಂದಿನ ಸೈನ್‌ನ ಬೆಲೆಗಳು ಬೇಕಿದ್ದವು. ವೃತ್ತದ ಕಾಲುಭಾಗವನ್ನು 24 ಮಾಡಿ ಜ್ಯಾಪಟ್ಟಿ ಬರೆಯುವ ಪದ್ಧತಿ ಆರ್ಯಭಟನಿಂದಲೇ ಬಂದದ್ದು. ಪಟ್ಟಿಯ ಅಕ್ಕಪಕ್ಕದ ಬೆಲೆಗಳ ವ್ಯತ್ಯಾಸವನ್ನೂ, ಆ ವ್ಯತ್ಯಾಸಗಳ ವ್ಯತ್ಯಾಸವನ್ನೂ ತೆಗೆದರೆ, ಎರಡನೆಯದು ಮತ್ತೆ ಜ್ಯಾಗೇ ಅನುಪಾತದಲ್ಲಿರುತ್ತದೆ. ಈ ಗುಣವನ್ನು ಹಿಡಿದು, ಮೇಲಿನಂತೆಯೇ ಮೊತ್ತದ ಮೇಲೆ ಮೊತ್ತ ಕೂಡುತ್ತ ಹೋದಾಗ ಸಿಕ್ಕಿದ್ದು

sin x = x − x³/6 + x⁵/120 − …

ಇಲ್ಲಿ x ಎಂದರೆ ತ್ರಿಜ್ಯ 1 ಇರುವ ವೃತ್ತದಲ್ಲಿ ಚಾಪದ ಉದ್ದ. 30 ಡಿಗ್ರಿಯ ಚಾಪಕ್ಕೆ ಮೂರೇ ಪದಗಳಿಂದ 0.500002 ಬರುತ್ತದೆ, ಇಲ್ಲಿ ಸಂಸ್ಕಾರದ ಅಗತ್ಯವೇ ಬೀಳುವುದಿಲ್ಲ.

ಯೂರೋಪಿನಲ್ಲಿ ನ್ಯೂಟನ್ ಸೈನ್ ಶ್ರೇಣಿಯನ್ನು 1660ರ ದಶಕದ ಕೊನೆಯಲ್ಲೂ, ಲೈಬ್ನಿಟ್ಸ್ ಪೈ ಶ್ರೇಣಿಯನ್ನು 1670ರ ದಶಕದಲ್ಲೂ ಕಂಡುಕೊಂಡರು. ಹಾಗೆಂದು ಕಲನಶಾಸ್ತ್ರವೇ ಕೇರಳದಲ್ಲಿ ಹುಟ್ಟಿತು ಎನ್ನುವುದು ಸರಿಯಲ್ಲ. ಅತಿ ಸಣ್ಣ ತುಣುಕುಗಳನ್ನು ಕೂಡುವುದು, ಮೊತ್ತ ಎಲ್ಲಿಗೆ ಬಂದು ನಿಲ್ಲುತ್ತದೆಂದು ನೋಡುವುದು ಇಲ್ಲಿತ್ತು. ಆದರೆ ಅದು ವೃತ್ತ, ಜ್ಯಾ ಮತ್ತು ಚಾಪಗಳ ಸುತ್ತ ನಡೆದ ಕೆಲಸ. ಯಾವುದೇ ವಕ್ರರೇಖೆಗೆ ಅನ್ವಯಿಸುವ ಸಾಮಾನ್ಯ ನಿಯಮಗಳನ್ನಾಗಲಿ, ಅವಕಲನ ಮತ್ತು ಅನುಕಲನ ಒಂದಕ್ಕೊಂದು ವಿಲೋಮ ಎಂಬ ಪ್ರಮೇಯವನ್ನಾಗಲಿ ಅವರು ಬರೆಯಲಿಲ್ಲ. ಈ ಶ್ರೇಣಿಗಳು ಇಲ್ಲಿಂದ ಅಲ್ಲಿಗೆ ಹೋದವು ಎಂಬ ವಾದಕ್ಕೂ ದಾಖಲೆ ಸಿಕ್ಕಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ವಿಶ್ ಇವುಗಳ ಬಗ್ಗೆ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದದ್ದು 1830ರ ದಶಕದಲ್ಲಿ, ಮಾಧವ ತೀರಿಹೋಗಿ ನಾನೂರು ವರ್ಷ ಕಳೆದ ಮೇಲೆ.