ಕೀಲಿ ತಗೊಳ್ಳೋ ಮೊದಲು ಬಿಲ್ಡರ್‌ಗೆ ಬರೆಯುವ ಕಾಗದ

ಹಾಸನದಲ್ಲಿ ಎರಡನೇ ಮಹಡಿಯ ಫ್ಲ್ಯಾಟ್ ಕೊಂಡಿದ್ದ ಶಿಕ್ಷಕಿಯೊಬ್ಬರು ಬಿಲ್ಡರ್‌ಗೆ ಬರೆದಿದ್ದ ಕಾಗದ ಹಿಡಿದು ನನ್ನ ಬಳಿ ಬಂದಿದ್ದರು. ‘ಟೈಲ್ಸ್ ಸರಿಯಾಗಿ ಕೂತಿಲ್ಲ, ಗೋಡೆ ಬಿರುಕು ಬಿಟ್ಟಿದೆ, ನಲ್ಲಿಗಳು ಕಳಪೆ, ದಯವಿಟ್ಟು ಸರಿಮಾಡಿಸಿ’, ಅಷ್ಟೇ ಇತ್ತು. ಅದನ್ನು ನೋಡಿ ಬಿಲ್ಡರ್ ಇಬ್ಬರು ಹುಡುಗರನ್ನು ಕಳಿಸಿದ್ದರು. ಅವರು ಬಿರುಕಿಗೆ ಪುಟ್ಟಿ ಮೆತ್ತಿ, ಮೇಲೆ ಪೇಂಟ್ ಬಳಿದು, ‘ಎಲ್ಲಾ ಆಯ್ತು ಮೇಡಂ, ಇಲ್ಲೊಂದು ಸೈನ್ ಹಾಕಿ’ ಅಂದಿದ್ದರು. ಇವರು ಹಾಕಿರಲಿಲ್ಲ, ಪುಣ್ಯ.

ಮರುದಿನ ಒಂದು ಬಕೆಟ್, ಐದು ರೂಪಾಯಿ ನಾಣ್ಯ, ಪೆನ್ಸಿಲ್ ಮತ್ತು ರಸಮಟ್ಟ ತಗೊಂಡು ಇಬ್ಬರೂ ಹೋದೆವು. ಮೊದಲು ನೋಡಿದ್ದು ದೊಡ್ಡ ಬೆಡ್‌ರೂಮಿನ ಬಚ್ಚಲು. ನಾಣ್ಯದಿಂದ ಒಂದೊಂದೇ ಟೈಲ್ ತಟ್ಟಿಕೊಂಡು ಬಂದೆ. ಗಟ್ಟಿಯಾಗಿ ಕೂತ ಟೈಲ್ ‘ಟಕ್’ ಅನ್ನುತ್ತದೆ, ಅಡಿಯಲ್ಲಿ ಪೊಳ್ಳಿದ್ದರೆ ಖಾಲಿ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಮೇಸ್ತ್ರಿ ಗಾರೆಯನ್ನು ಟೈಲಿನ ಪೂರಾ ಬೆನ್ನಿಗೆ ಹರಡದೆ ನಡುವೆ ಒಂದು ಉಂಡೆ ಇಟ್ಟು ಒತ್ತಿದರೆ ನಾಲ್ಕು ಮೂಲೆಯೂ ಪೊಳ್ಳಾಗಿ ಉಳಿಯುತ್ತವೆ. ಒಂದು ಮೂಲೆ ಮಾತ್ರ ಪೊಳ್ಳಾಗಿದ್ದರೆ ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಗೀಸರ್ ಕೂರಬೇಕಾದ ಗೋಡೆಯಲ್ಲೇ ಆರು ಟೈಲ್ ಅರ್ಧಕ್ಕಿಂತ ಹೆಚ್ಚು ಪೊಳ್ಳು. ಡ್ರಿಲ್ ಇಟ್ಟರೆ ಒಡೆಯುವಂಥವು. ಆರಕ್ಕೂ ಪೆನ್ಸಿಲಿನಲ್ಲಿ ನಂಬರು ಬರೆದು ಫೋಟೋ ತೆಗೆದೆವು.

ಆಮೇಲೆ ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಕಾಲು ಗಂಟೆ ಕಾದೆವು. ಕಮೋಡಿನ ಹಿಂದೆ ಅಂಗೈಯಗಲ ನೀರು ನಿಂತೇ ಇತ್ತು. ವಾಟ ಎಂಬತ್ತು ಅಡಿಗೆ ಒಂದಡಿಯ ಲೆಕ್ಕದಲ್ಲಿದ್ದರೆ ಐದಡಿ ಬಚ್ಚಲಿಗೆ ಮುಕ್ಕಾಲು ಇಂಚು ಇಳಿತ ಸಿಗಬೇಕು. ರಸಮಟ್ಟ ಇಟ್ಟು ಅಳೆದರೆ ಸಿಕ್ಕಿದ್ದು ಕಾಲಿಂಚು. ಇದು ಪುಟ್ಟಿ, ಪೇಂಟಿಗೆ ಹೋಗುವ ದೋಷವಲ್ಲ. ನೆಲದ ಟೈಲ್ ಎಬ್ಬಿಸಿ ಮತ್ತೆ ಹಾಕಬೇಕು, ಹಾಗೆ ಎಬ್ಬಿಸುವಾಗ ಅಡಿಯ ವಾಟರ್‌ಪ್ರೂಫಿಂಗ್ ಪದರ ಹಾಳಾಗುತ್ತದೆ. ಅದನ್ನೂ ಹೊಸದಾಗಿ ಮಾಡಿ, ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಮನೆಯ ಸೀಲಿಂಗ್ ನೋಡಬೇಕು. ಕಾಗದದಲ್ಲಿ ಬರೆಯದಿದ್ದರೆ ಇದನ್ನು ಯಾರೂ ಮಾಡುವುದಿಲ್ಲ.

ಹಾಲ್‌ನಲ್ಲಿ ಹುಡುಗರು ಮುಚ್ಚಿದ್ದ ಬಿರುಕು ತೊಲೆಯ ಕೆಳಗೆ ಗೆರೆ ಎಳೆದ ಹಾಗೆ ಉದ್ದಕ್ಕೂ ಇತ್ತು. ಗೋಡೆಯ ಮೈಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕಾಗಿದ್ದರೆ ಅದು ಗಾರೆ ಒಣಗಿದ್ದರಿಂದ ಬಂದದ್ದು, ಪುಟ್ಟಿ ಸಾಕು. ಕಾಂಕ್ರೀಟ್ ತೊಲೆ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ನೇರ ಗೆರೆಯಾಗಿ ಬಂದರೆ ಕಥೆಯೇ ಬೇರೆ. ಎರಡೂ ಬಿಸಿಲಿಗೆ, ಚಳಿಗೆ ಒಂದೇ ಥರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆ ಸಂದಿಯ ಮೇಲೆ ಚಿಕನ್ ಮೆಶ್ ಅನ್ನುವ ತಂತಿ ಬಲೆ ಹೊಡೆದು ಗಾರೆ ಮಾಡಿದ್ದರೆ ತಡೆಯುತ್ತಿತ್ತು. ಮೆಶ್ ಇಲ್ಲದೆ ಪುಟ್ಟಿ ತುಂಬಿದರೆ ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಗೆರೆ ಮತ್ತೆ ಕಾಣುತ್ತದೆ.

ನಲ್ಲಿಗಳದ್ದು ಬೇಗ ಮುಗಿಯಿತು. ವಾಶ್‌ಬೇಸಿನ್ ಕೆಳಗಿನ ಆಂಗಲ್ ಕಾಕ್‌ಗೆ ಟಿಶ್ಯೂ ಸುತ್ತಿ ಹತ್ತು ನಿಮಿಷ ಬಿಟ್ಟೆವು, ಒದ್ದೆಯಾಯಿತು. ಒಪ್ಪಂದದಲ್ಲಿ ಬರೆದಿದ್ದ ಕಂಪನಿಯ ನಲ್ಲಿ ಅಡುಗೆಮನೆಯಲ್ಲಿ ಇರಲೇ ಇಲ್ಲ.

ಹೊಸ ಕಾಗದದ ಒಂದು ಸಾಲು ಹೀಗಿತ್ತು: ‘ದೊಡ್ಡ ಬೆಡ್‌ರೂಮಿನ ಬಚ್ಚಲು, ಗೀಸರ್ ಗೋಡೆ, 1ರಿಂದ 6 ನಂಬರು ಬರೆದ ಟೈಲ್‌ಗಳು ತಟ್ಟಿದಾಗ ಪೊಳ್ಳು ಸದ್ದು ಬರುತ್ತಿದೆ, ಫೋಟೋ 3. ಪೂರ್ತಿ ತೆಗೆದು ಅದೇ ಬಣ್ಣ, ಅದೇ ಬ್ಯಾಚಿನ ಟೈಲ್ ಹಾಕಿಸಿಕೊಡಿ.’ ಬಿರುಕಿನ ಸಾಲಿನಲ್ಲಿ ‘ಪುಟ್ಟಿ ಬೇಡ, ಸಂದಿಯ ಎರಡೂ ಬದಿ ಗಾರೆ ಕೆತ್ತಿ ಮೆಶ್ ಹೊಡೆದು ಗಾರೆ ಮಾಡಿ’ ಎಂದು ಬರೆಸಿದೆ. ಜಾಗ, ಕಂಡದ್ದು, ಆಗಬೇಕಾದ ಕೆಲಸ, ಮೂರೂ ಒಂದೇ ಸಾಲಿನಲ್ಲಿ ಇದ್ದರೆ ‘ಸರಿಮಾಡಿದ್ದೇವೆ’ ಅನ್ನುವ ಮಾತನ್ನು ಅಳೆದು ನೋಡಬಹುದು.

ಶಿಕ್ಷಕಿಗೆ ‘ಸರಿಯಾಗುವವರೆಗೆ ಮನೆ ತಗೊಳ್ಳಲ್ಲ’ ಎಂದು ಬರೆಯುವ ಆಸೆಯಿತ್ತು. ನಾನು ಬೇಡವೆಂದೆ. ಮನೆ ಕೊಳ್ಳುವವರ ರಕ್ಷಣೆಗೆ ಬಂದ 2016ರ ರೇರಾ ಕಾಯ್ದೆಯ ಪ್ರಕಾರ, ಕಟ್ಟಡದಲ್ಲಿ ವಾಸ ಮಾಡಬಹುದೆನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಂದ ಎರಡು ತಿಂಗಳೊಳಗೆ ಕೊಂಡವರು ಸ್ವಾಧೀನ ತಗೊಳ್ಳಬೇಕು. ಬದಲಿಗೆ ‘ಈ ಪಟ್ಟಿಯ ಕೆಲಸ ಬಾಕಿ ಇರುವಂತೆ ಸ್ವಾಧೀನ ಪಡೆದಿದ್ದೇನೆ’ ಎಂದು ಬರೆದೇ ಸೈನ್ ಹಾಕಲು ಹೇಳಿದೆ. ಅದೇ ಕಾಯ್ದೆಯ 14(3)ನೇ ಕಲಮಿನಂತೆ ಸ್ವಾಧೀನದ ದಿನದಿಂದ ಐದು ವರ್ಷದೊಳಗೆ ತಿಳಿಸಿದ ಕಾಮಗಾರಿ ದೋಷವನ್ನು ಬಿಲ್ಡರ್ 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು. ಆದರೆ ನಮ್ಮ ಊರುಗಳಲ್ಲಿ ಎಂಟು ಫ್ಲ್ಯಾಟ್‌ ಮೀರದ ಸಣ್ಣ ಕಟ್ಟಡಗಳೇ ಜಾಸ್ತಿ. ಅವಕ್ಕೆ ರೇರಾ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಅಲ್ಲಿ ಗ್ರಾಹಕರ ಆಯೋಗದ ದಾರಿಯನ್ನೇ ನಂಬುವುದು ಲೇಸು. ಎರಡಕ್ಕೂ ತಾರೀಖಿರುವ ಕಾಗದ ಬೇಕು. ಇಮೇಲ್ ಹಾಕಿ, ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಂಡರು.

ಈ ಸಲ ಬಂದದ್ದು ಹುಡುಗರಲ್ಲ, ಮೇಸ್ತ್ರಿಯೇ. ಕಾಗದ ಕೈಲಿ ಹಿಡಿದು ಟೈಲ್ ತಟ್ಟಿದವರು, ‘ಏಳನೇದೂ ಪೊಳ್ಳೇ ಇದೆ ಮೇಡಂ, ಬರ್ಕೊಳ್ಳಿ’ ಅಂದರಂತೆ.