ಪೆನ್ಷನ್ ಮಾರಿದರೆ ಲಾಭವೋ ನಷ್ಟವೋ: 98 ತಿಂಗಳ ಲೆಕ್ಕ ಯಾಕೆ ಸಾಲದು

ಮೈಸೂರಿನಲ್ಲಿ ಕೇಂದ್ರ ಸರ್ಕಾರಿ ನೌಕರರು ನಿವೃತ್ತಿಗೆ ಮುಂಚೆ ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ: "ಸರ್, ಕಮ್ಯುಟೇಷನ್ ತಗೊಳ್ಳಲಾ, ಬೇಡ್ವಾ?" ಅಂದರೆ, ಪೆನ್ಷನ್‌ನ ಒಂದು ಭಾಗವನ್ನು ಬಿಟ್ಟುಕೊಟ್ಟು ಇಡಿಗಂಟು ಪಡೆಯುವುದು. ಇತ್ತೀಚೆಗೆ ಹೀಗೆ ಬಂದಿದ್ದವರು ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನವರು. ಹಳೇ ಪೆನ್ಷನ್ ಯೋಜನೆಯವರು, ಮೂಲ ಪೆನ್ಷನ್ ತಿಂಗಳಿಗೆ 40,000 ರೂಪಾಯಿ.

ಕೇಂದ್ರದ ನಿಯಮದಲ್ಲಿ ಗರಿಷ್ಠ 40% ಬಿಟ್ಟುಕೊಡಬಹುದು. ಇವರಿಗೆ ಅದು 16,000 ರೂಪಾಯಿ. 60ಕ್ಕೆ ನಿವೃತ್ತರಾದರೆ ಮುಂದಿನ ಹುಟ್ಟುಹಬ್ಬಕ್ಕೆ 61 ವರ್ಷ. ಆ ವಯಸ್ಸಿಗೆ ಸರ್ಕಾರದ ಪಟ್ಟಿಯಲ್ಲಿರುವ ಗುಣಕ 8.194. ಹಾಗಾಗಿ 16,000 × 12 × 8.194, ಅಂದರೆ 15,73,248 ರೂಪಾಯಿ ಕೈಗೆ ಬರುತ್ತದೆ. ಬದಲಿಗೆ 15 ವರ್ಷ ಪ್ರತಿ ತಿಂಗಳು 16,000 ಕಡಿತ. ಆಮೇಲೆ ಪೂರ್ತಿ ಪೆನ್ಷನ್ ವಾಪಸ್.

ಅವರು ಚೀಟಿಯಲ್ಲಿ ಲೆಕ್ಕ ಬರೆದುಕೊಂಡೇ ಬಂದಿದ್ದರು. 15.73 ಲಕ್ಷವನ್ನು 16,000ದಿಂದ ಭಾಗಿಸಿದರೆ 98 ತಿಂಗಳು. "ಎಂಟು ವರ್ಷಕ್ಕೆ ಸರ್ಕಾರದ ದುಡ್ಡು ವಸೂಲಾಯ್ತು. ಉಳಿದ ಏಳು ವರ್ಷ ಸುಮ್ನೆ ಕಿತ್ಕೊಳ್ತಾರೆ, ಅಲ್ವಾ?" ಈ ಮಾತು ನನಗೆ ಪದೇಪದೇ ಕೇಳಿಬರುತ್ತದೆ. ಇದರಲ್ಲಿ ಬಡ್ಡಿಯ ಲೆಕ್ಕವೇ ಇಲ್ಲ. ಹತ್ತು ವರ್ಷದ ನಂತರ ಕಡಿತವಾಗುವ 16,000ಕ್ಕೆ ಇವತ್ತು ಅಷ್ಟು ಬೆಲೆ ಇಲ್ಲ. ಈಗ ಕಡಿಮೆ ದುಡ್ಡನ್ನು ಬಡ್ಡಿಗೆ ಇಟ್ಟರೂ ಆಗ ಅದು 16,000 ಆಗಿರುತ್ತದೆ. ಹೀಗೆ 180 ಕಂತುಗಳನ್ನೂ ಒಂದೊಂದಾಗಿ ಇವತ್ತಿನ ಬೆಲೆಗೆ ಇಳಿಸಿ ಕೂಡಿದರೆ ಸಿಗುವುದೇ ಪ್ರಸ್ತುತ ಮೌಲ್ಯ. ಅದನ್ನೇ ಇಡಿಗಂಟಿನ ಜೊತೆ ಹೋಲಿಸಬೇಕು. ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=PV(8.2%/12, 180, -16000)
```

ಇಲ್ಲಿ 8.2% ಹಾಕಿದ್ದಕ್ಕೆ ಕಾರಣ ಇದೆ. ನಾವು ಲೆಕ್ಕ ಹಾಕಿದಾಗ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಅಷ್ಟಿತ್ತು. ಇಡಿಗಂಟು ಬಂದಿದ್ದರೆ ಇವರು ಅಲ್ಲೇ ಇಡುವವರಿದ್ದರು. ಉತ್ತರ ಸುಮಾರು 16.54 ಲಕ್ಷ. ಸಿಗುವುದು 15.73 ಲಕ್ಷ. ಕೊರತೆ ಸುಮಾರು 81,000 ರೂಪಾಯಿ ಮಾತ್ರ, ಅವರು ಭಯಪಟ್ಟ ಏಳು ವರ್ಷದ ದುಡ್ಡಲ್ಲ. ಬಡ್ಡಿ 9% ಹಾಕಿದರೆ ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ನಾನು ಕಮ್ಯುಟೇಷನ್ ಅನ್ನು ಸರ್ಕಾರ 9% ಬಡ್ಡಿಗೆ ಕೊಡುವ 15 ವರ್ಷದ ಸಾಲ ಅಂತಲೇ ನೋಡುತ್ತೇನೆ.

ಆದರೆ ಬ್ಯಾಂಕ್ ಸಾಲಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪೆನ್ಷನ್‌ದಾರರು ತೀರಿಕೊಂಡರೆ ಕಡಿತ ಅಲ್ಲಿಗೇ ನಿಲ್ಲುತ್ತದೆ. ಹೆಂಡತಿಗೆ ಬರುವ ಕುಟುಂಬ ಪಿಂಚಣಿಯಿಂದ ಒಂದು ಪೈಸೆಯನ್ನೂ ಮುರಿಯುವುದಿಲ್ಲ. 15.73 ಲಕ್ಷವನ್ನು 8.2%ಗೆ ಇಟ್ಟು, ಕಡಿತ ತುಂಬಿಕೊಳ್ಳಲು ತಿಂಗಳಿಗೆ 16,000 ತೆಗೆಯುತ್ತಾ ಹೋದರೆ ದುಡ್ಡು ಸುಮಾರು 13 ವರ್ಷ 7 ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ಏನಾದರೂ ಆದರೆ ಇಡಿಗಂಟು ತೆಗೆದುಕೊಂಡಿದ್ದೇ ಲಾಭ. ಅದಕ್ಕಿಂತ ಜಾಸ್ತಿ ಬದುಕಿದರೆ ಕೊನೆಯ ಒಂದೂವರೆ ವರ್ಷದ ಕಡಿತ ಕೈಯಿಂದ ಹೋಗುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯಾ ಅಂತ ನಾನು ಸಂಕೋಚವಿಲ್ಲದೆ ಕೇಳುವುದು ಇದಕ್ಕೇ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ತಪಾಸಣೆಯೂ ಇಲ್ಲ.

ತುಟ್ಟಿಭತ್ಯೆ ಕಡಿಮೆಯಾಗುತ್ತೆ ಅನ್ನುವ ಹೆದರಿಕೆ ಬೇಡ. ಅದನ್ನು ಪೂರ್ತಿ 40,000ದ ಮೇಲೇ ಕೊಡುತ್ತಾರೆ. ಕಡಿತ 15 ವರ್ಷವೂ ಅದೇ 16,000. ಪ್ರತಿ ತಿಂಗಳೂ ಒಂದೇ ಮೊತ್ತ ಆಗಿರುವುದರಿಂದಲೇ ಮೇಲಿನ ಸೂತ್ರ ಇಲ್ಲಿ ಸರಿಹೊಂದುತ್ತದೆ. ಇನ್ನು ತೆರಿಗೆ. ಸರ್ಕಾರಿ ನೌಕರರಿಗೆ ಈ ಇಡಿಗಂಟಿನ ಮೇಲೆ ಆದಾಯ ತೆರಿಗೆ ಇಲ್ಲ, ತಿಂಗಳ ಪೆನ್ಷನ್ ಮೇಲೆ ಇದೆ. ಬಾಡಿಗೆ, ಬಡ್ಡಿ ಎಲ್ಲ ಸೇರಿ ತೆರಿಗೆ ಕಟ್ಟುವವರಿಗೆ ಈ "ಸಾಲ" 9%ಗಿಂತ ಅಗ್ಗಕ್ಕೆ ಬೀಳುತ್ತದೆ. ಅಂಥವರು ಸೂತ್ರದಲ್ಲಿ 16,000ದ ಬದಲು ತೆರಿಗೆ ಕಳೆದ ಮೊತ್ತವನ್ನೂ, ತೆರಿಗೆ ಕಳೆದು ಉಳಿಯುವ ಬಡ್ಡಿಯನ್ನೂ ಹಾಕಬೇಕು. ಒಂದು ಕಡೆ ಮಾತ್ರ ತೆರಿಗೆ ಕಳೆದರೆ ಲೆಕ್ಕ ತಪ್ಪುತ್ತದೆ.

ರಾಜ್ಯ ಸರ್ಕಾರಿ ನೌಕರರು ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಮಿತಿ ಮೂರನೇ ಒಂದು ಭಾಗ. ಗುಣಕವನ್ನು ನಿಮ್ಮ ಇಲಾಖೆಯ ಪಟ್ಟಿಯಲ್ಲೇ ನೋಡಿ. ಲೆಕ್ಕದ ದಾರಿ ಮಾತ್ರ ಇದೇ.

ನಮ್ಮ ವರ್ಕ್‌ಶಾಪ್‌ನವರಿಗೆ 12% ಬಡ್ಡಿಯ ವೈಯಕ್ತಿಕ ಸಾಲ ಸುಮಾರು 4 ಲಕ್ಷ ಉಳಿದಿತ್ತು. ಗ್ರಾಚ್ಯುಟಿ ಹಣ ಮನೆಯ ಮೇಲಂತಸ್ತಿಗೆ ಅಂತ ಆಗಲೇ ತೆಗೆದಿಟ್ಟಿದ್ದರು. ಆರೋಗ್ಯ ಚೆನ್ನಾಗಿತ್ತು, ಬೇರೆ ಖರ್ಚೂ ಇರಲಿಲ್ಲ. 40% ಪೂರ್ತಿ ತೆಗೆದುಕೊಳ್ಳಲೇಬೇಕು ಅಂತ ಎಲ್ಲೂ ಇಲ್ಲ ಅಂದಾಗ ಅವರಿಗೆ ಆಶ್ಚರ್ಯ. ಕೊನೆಗೆ 10% ಮಾತ್ರ ಬರೆದರು. ತಿಂಗಳಿಗೆ 4,000 ಕಡಿತ, ಕೈಗೆ 3,93,312 ರೂಪಾಯಿ. 12%ನ ಸಾಲ ಹೋಗಿ ಅದರ ಜಾಗಕ್ಕೆ 9%ನದು ಬಂತು. ಉಳಿದ 12,000 ಪೆನ್ಷನ್‌ನಲ್ಲೇ ಇದೆ.