ನಿಜ ಗಂಟೆ ಗಳಿಕೆ: ಆ್ಯಪ್ ತೋರಿಸುವ 800 ರೂಪಾಯಿಯಲ್ಲಿ ಉಳಿಯುವುದೆಷ್ಟು?

ಊಟ ತಿಂಡಿ ತಲುಪಿಸುವವರು, ಬೈಕ್ ಟ್ಯಾಕ್ಸಿ ಓಡಿಸುವವರು, ಆ್ಯಪ್ ಮೂಲಕ ಆಟೊ ಓಡಿಸುವವರು, ಇವರಿಗೆಲ್ಲ ಸಂಬಳವಿಲ್ಲ. ಒಂದೊಂದು ಆರ್ಡರಿಗೆ, ಒಂದೊಂದು ಟ್ರಿಪ್ಪಿಗೆ ದುಡ್ಡು. ದಿನದ ಕೊನೆಗೆ ಆ್ಯಪ್ ಒಂದು ಮೊತ್ತ ತೋರಿಸುತ್ತದೆ. ಅದರಿಂದ ಪೆಟ್ರೋಲ್ ಮತ್ತು ಗಾಡಿಯ ಖರ್ಚು ಕಳೆದು, ಉಳಿದದ್ದನ್ನು ಕೆಲಸಕ್ಕೆಂದು ಕೊಟ್ಟ ಅಷ್ಟೂ ಸಮಯದಿಂದ ಭಾಗಿಸಿದರೆ ಸಿಗುವುದೇ ನಿಜ ಗಂಟೆ ಗಳಿಕೆ. ಕೇಳಲು ಸುಲಭದ ಲೆಕ್ಕ. ಆದರೆ ಕಳೆಯುವಾಗ ಯಾವ ಖರ್ಚನ್ನು ಬಿಡುತ್ತೇವೆ, ಭಾಗಿಸುವಾಗ ಯಾವ ಗಂಟೆಯನ್ನು ಮರೆಯುತ್ತೇವೆ ಎಂಬುದರ ಮೇಲೆ ಉತ್ತರ ಎರಡು ಮೂರು ಪಟ್ಟು ಬದಲಾಗುತ್ತದೆ.

ಮಣಿಪಾಲದಲ್ಲಿ ಸ್ಕೂಟರಿನಲ್ಲಿ ಫುಡ್ ಡೆಲಿವರಿ ಮಾಡುವ ಒಬ್ಬರ ಒಂದು ದಿನವನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನೇ ಹಾಕಿಕೊಂಡವು; ದರ ಊರಿನಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತಿರುತ್ತದೆ. ಮಧ್ಯಾಹ್ನ 12ರಿಂದ 3.30, ಸಂಜೆ 6.30ರಿಂದ 11.30, ಒಟ್ಟು ಎಂಟೂವರೆ ಗಂಟೆ ಲಾಗಿನ್. 18 ಆರ್ಡರ್, ಸರಾಸರಿ 32 ರೂಪಾಯಿಯಂತೆ 576. ಮಳೆ ಮತ್ತು ರಶ್ ಹೊತ್ತಿನದೆಂದು 44. 18 ಆರ್ಡರ್ ಮುಟ್ಟಿದ್ದಕ್ಕೆ ಇನ್ಸೆಂಟಿವ್ 180. ಅಲ್ಲಿಗೆ 800 ರೂಪಾಯಿ.

ಒಂದು ಆರ್ಡರ್ ಒಪ್ಪಿಕೊಂಡು ತಲುಪಿಸುವವರೆಗೆ 20 ನಿಮಿಷ ಎಂದರೆ 18ಕ್ಕೆ ಆರು ಗಂಟೆ. ಅದರಿಂದ ಭಾಗಿಸಿದರೆ ಗಂಟೆಗೆ 133 ರೂಪಾಯಿ. ಈ ಕೆಲಸದಲ್ಲಿ ಒಳ್ಳೆ ದುಡ್ಡಿದೆ ಎನ್ನುವವರ ಬಾಯಲ್ಲಿ ಬರುವುದು ಸಾಮಾನ್ಯವಾಗಿ ಇಂಥ ಅಂಕಿಯೇ. ಉಳಿದ ಎರಡೂವರೆ ಗಂಟೆ ಅವರು ಟೈಗರ್ ಸರ್ಕಲ್ ಹತ್ತಿರ ಫೋನ್ ನೋಡುತ್ತ ನಿಂತಿದ್ದರು, ಇಲ್ಲವೇ ಅಲೆವೂರಿನಿಂದಲೋ ಪರ್ಕಳದಿಂದಲೋ ಖಾಲಿ ವಾಪಸ್ ಬರುತ್ತಿದ್ದರು. ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡುವಂತಿಲ್ಲ, ಹಾಗಾಗಿ ಅದೂ ಕೆಲಸದ ಹೊತ್ತೇ. ಎಂಟೂವರೆಯಿಂದ ಭಾಗಿಸಿದರೆ 133 ಇದ್ದದ್ದು 94ಕ್ಕೆ ಇಳಿಯುತ್ತದೆ. ಇನ್ನೂ ಪೆಟ್ರೋಲಿನ ಮಾತೇ ಎತ್ತಿಲ್ಲ.

ಪೆಟ್ರೋಲಿನಲ್ಲಿ ಆಗುವ ತಪ್ಪು ಕಿಲೋಮೀಟರಿನದು. ಆ್ಯಪ್ ದುಡ್ಡು ಕೊಡುವ ದೂರ ಆರ್ಡರಿಗೆ ನಾಲ್ಕು ಕಿಲೋಮೀಟರಿನಂತೆ 72 ಆದರೆ, ಸ್ಕೂಟರಿನ ಮೀಟರಿನಲ್ಲಿ 108 ಓಡಿರುತ್ತದೆ. ನಡುವಿನ 36 ಕಿಲೋಮೀಟರು ಹೆಚ್ಚಾಗಿ ಖಾಲಿ ವಾಪಸಾತಿ. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರು ಹತ್ತುತ್ತ, ಹತ್ತು ಕಡೆ ನಿಲ್ಲಿಸಿ ಹೊರಡುವ ಗಾಡಿಗೆ ಕಂಪನಿ ಹೇಳಿದ ಮೈಲೇಜ್ ಬರುವುದಿಲ್ಲ. ಲೀಟರಿಗೆ 45 ಎಂದುಕೊಂಡರೆ 2.4 ಲೀಟರ್, 102 ರೂಪಾಯಿ ದರದಲ್ಲಿ 245 ರೂಪಾಯಿ.

ಪೆಟ್ರೋಲ್ ಕಣ್ಣಿಗೆ ಕಾಣುವ ಖರ್ಚು, ಪ್ರತಿದಿನ ಕೈಯಿಂದ ಹೋಗುತ್ತದೆ. ಗಾಡಿ ಸವೆಯುವುದು ಕಾಣುವುದಿಲ್ಲ. 90,000 ರೂಪಾಯಿಯ ಸ್ಕೂಟರ್ ಒಂದು ಲಕ್ಷ ಕಿಲೋಮೀಟರ್ ಓಡಿದ ಮೇಲೆ 20,000ಕ್ಕೆ ಹೋದರೆ ಕಿಲೋಮೀಟರಿಗೆ 70 ಪೈಸೆ ಕರಗಿದಂತೆ. ಆಯಿಲ್, ಟೈರ್, ಬ್ರೇಕ್ ಶೂ, ಬೆಲ್ಟ್ ಎಂದು ಇನ್ನೊಂದು 50 ಪೈಸೆ. 108 ಕಿಲೋಮೀಟರಿಗೆ ಸುಮಾರು 130 ರೂಪಾಯಿ. ರೀಚಾರ್ಜ್ ಮತ್ತು ಇನ್ಶೂರೆನ್ಸಿನ ದಿನದ ಪಾಲು 20 ಸೇರಿಸಿದರೆ ಒಟ್ಟು ಖರ್ಚು 395. ಉಳಿದದ್ದು 405 ರೂಪಾಯಿ, ಗಂಟೆಗೆ ಸುಮಾರು 48.

ಮಧ್ಯಾಹ್ನ 3.30ರಿಂದ 6.30ರವರೆಗಿನ ಮೂರು ಗಂಟೆಯ ಬಿಡುವನ್ನು ಏನು ಮಾಡುವುದು? ಇದಕ್ಕೆ ಒಂದೇ ಉತ್ತರವಿಲ್ಲ. ಮಣಿಪಾಲದಲ್ಲೇ ರೂಮ್ ಇದ್ದು ಮಲಗಿ ಬರುವವರಿಗೆ ಅದು ಸ್ವಂತ ಸಮಯ. ಕಾಪುವಿನಿಂದಲೋ ಬ್ರಹ್ಮಾವರದಿಂದಲೋ ಬರುವವರು ಮನೆಗೆ ಹೋಗಿ ಬಂದರೆ ಪೆಟ್ರೋಲ್ ದಂಡವೆಂದು ಎಲ್ಲೋ ಮರದ ನೆರಳಲ್ಲಿ ಕೂರುತ್ತಾರೆ. ಅವರ ಮಟ್ಟಿಗೆ ಹನ್ನೊಂದೂವರೆ ಗಂಟೆಯಿಂದ ಭಾಗಿಸುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಆಗ 48 ಅಲ್ಲ, 35.

ಇನ್ನು ಇನ್ಸೆಂಟಿವ್. 405ರಲ್ಲಿ 180 ಅದರಿಂದಲೇ ಬಂದದ್ದು. ಅದಿಲ್ಲದಿದ್ದರೆ ಗಂಟೆಗೆ ಉಳಿಯುವುದು ಸುಮಾರು 26 ರೂಪಾಯಿ. 14 ಆರ್ಡರಿಗೆ 90, 18ಕ್ಕೆ 180 ಎಂಬ ಸ್ಲ್ಯಾಬ್ ಇದೆ ಎನ್ನಿ. ನಾಳೆ ಕಂಪನಿ ಎರಡನೆಯ ಸ್ಲ್ಯಾಬನ್ನು 18ರಿಂದ 20ಕ್ಕೆ ಏರಿಸಿದರೆ, ಅದೇ 18 ಆರ್ಡರ್ ಮಾಡಿದವರ ಕೈಗೆ 90 ಮಾತ್ರ ಬರುತ್ತದೆ. ಗಂಟೆಯ ಗಳಿಕೆ 48ರಿಂದ 37ಕ್ಕೆ. ಆರ್ಡರಿನ ದರದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ! ದರಪಟ್ಟಿ ಮಾತ್ರ ನೋಡುವವರಿಗೆ ಈ ಕಡಿತ ಗೊತ್ತೇ ಆಗುವುದಿಲ್ಲ.

ರಾತ್ರಿ 10.40ಕ್ಕೆ 16 ಆರ್ಡರ್ ಆಗಿದೆ, ಇನ್ನು ನಿಲ್ಲಬೇಕೋ ಹೊರಡಬೇಕೋ ಎಂಬ ಪ್ರಶ್ನೆಗೂ ಇದೇ ಲೆಕ್ಕ ಬೇಕು. ಕಿಲೋಮೀಟರಿಗೆ ಪೆಟ್ರೋಲ್ ಮತ್ತು ಸವೆತ ಸೇರಿ ಸುಮಾರು ಮೂರೂವರೆ ರೂಪಾಯಿ. ಉಳಿದ 50 ನಿಮಿಷದಲ್ಲಿ ಎರಡು ಆರ್ಡರ್ ಬಿದ್ದು 12 ಕಿಲೋಮೀಟರ್ ಓಡಿದರೆ ಬರುವುದು 64 ಜೊತೆಗೆ ಹೆಚ್ಚುವರಿ 90, ಒಟ್ಟು 154, ಖರ್ಚು 42. ಕೈಯಲ್ಲಿ 112 ರೂಪಾಯಿ. ಇಡೀ ದಿನದಲ್ಲಿ ಇಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಒಂದೇ ಆರ್ಡರ್ ಬಿದ್ದರೆ? 32ರಲ್ಲಿ 21 ಕಳೆದು 11 ರೂಪಾಯಿ. ಹಾಗಾಗಿ ಆ ಹೊತ್ತಿನಲ್ಲಿ ಆರ್ಡರ್ ಬೀಳುವ ಸಂಭವ ಎಷ್ಟು ಎಂಬುದೇ ಮುಖ್ಯ. ಕಾಲೇಜು ನಡೆಯುವಾಗ ಮಣಿಪಾಲದ ರಾತ್ರಿ ಒಂದು ಥರ, ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಇನ್ನೊಂದು ಥರ.

ದೂರದ ಆರ್ಡರಿನ ಆಸೆಯನ್ನೂ ಇದೇ ಮೂರೂವರೆ ರೂಪಾಯಿಯಿಂದ ಅಳೆಯಬಹುದು. ಆರು ಕಿಲೋಮೀಟರಿಗೆ 45 ರೂಪಾಯಿ ಕಂಡಾಗ ಬೆರಳು ತಾನಾಗಿ ಒತ್ತುತ್ತದೆ. ಖಾಲಿ ವಾಪಸ್ ಬರಬೇಕಾದರೆ 12 ಕಿಲೋಮೀಟರಿಗೆ 42 ಹೋಗಿ ಉಳಿಯುವುದು ಮೂರು ರೂಪಾಯಿ! ಒಂದೂವರೆ ಕಿಲೋಮೀಟರಿನ 25 ರೂಪಾಯಿ ಆರ್ಡರಿನಲ್ಲಿ ಹದಿನಾಲ್ಕೂವರೆ ಉಳಿಯುತ್ತದೆ, ಅದೂ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ. ದೂರದ ಆರ್ಡರ್ ಉಡುಪಿ ಪೇಟೆಯ ಕಡೆಗಿದ್ದರೆ ಮಾತು ಬೇರೆ. ಅಲ್ಲಿ ಹೋಟೆಲುಗಳಿರುವುದರಿಂದ ವಾಪಸಿಗೂ ಆರ್ಡರ್ ಸಿಗಬಹುದು. ಆದರೆ ಆರ್ಡರ್ ಬಿಟ್ಟರೆ ಇನ್ಸೆಂಟಿವ್ ಹೋಗುತ್ತದೆ ಎಂಬ ಷರತ್ತು ಇದ್ದಲ್ಲಿ ಆಯ್ಕೆ ಹೆಸರಿಗೆ ಮಾತ್ರ.

ಸ್ವಂತ ಲೆಕ್ಕ ಬೇಕೆನ್ನುವವರು ಬೆಳಗ್ಗೆ ಹೊರಡುವಾಗ ಮತ್ತು ರಾತ್ರಿ ಮನೆಗೆ ಬಂದಾಗ ಮೀಟರಿನ ಫೋಟೋ ತೆಗೆದಿಟ್ಟರೆ ಸಾಕು. ಓಡಿದ ದೂರವೂ ಸಮಯವೂ ಎರಡೂ ಅದರಲ್ಲಿರುತ್ತವೆ. ಮೈಲೇಜಿಗೆ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆಯಬೇಕು. ಒಂದು ದಿನದ ಲೆಕ್ಕ ನಂಬಬಾರದು, ತಿಂಗಳಿನದ್ದು ಬೇಕು. ಮಳೆಗಾಲದ್ದು ಪ್ರತ್ಯೇಕವಾಗಿ ಇಡುವುದು ಒಳ್ಳೆಯದು. ಜೂನ್, ಜುಲೈಯಲ್ಲಿ ಮಳೆ ಹಣ ಸೇರಿ ಆರ್ಡರಿನ ದರ ಏರುತ್ತದೆ ನಿಜ, ಆದರೆ ಗಂಟೆಗೆ ಆಗುವ ಆರ್ಡರುಗಳು ಇಳಿಯುತ್ತವೆ, ಬ್ರೇಕ್ ಬೇಗ ಸವೆಯುತ್ತದೆ.

ಕಾನೂನಿನ ಕಡೆಯಿಂದ, ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕ್ಷೇಮಾಭಿವೃದ್ಧಿ ಕಾಯ್ದೆ ಬಂದಿದೆ. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮ ಶುಲ್ಕವನ್ನು ಕಂಪನಿ ಕಟ್ಟಬೇಕು. ಆ ಹಣ ಕ್ಷೇಮ ನಿಧಿಗೆ ಹೋಗುತ್ತದೆ, ಮೇಲಿನ 48 ರೂಪಾಯಿಗೆ ಸೇರುವುದಿಲ್ಲ. ಕಾದ ಹೊತ್ತಿಗೆ ಗಂಟೆಗೆ ಇಷ್ಟು ಕೊಡಲೇಬೇಕು ಎಂದು ಆ ಕಾಯ್ದೆ ನಿಗದಿ ಮಾಡಿಲ್ಲ.